ನೂರಕ್ಕೆ ಎಂಬತ್ತು

ಧರ್ಮರಾಜ ಸರ್ ಮೂರನೆಯ ಸಲ ಮೊದಲ ಹಾಳೆ ಓದಲೇ ಇಲ್ಲ. ನೇರವಾಗಿ ಕೊನೆಯ ಹಾಳೆ ತೆಗೆದು ಬೆರಳಿಟ್ಟರು.

"ರೆಫರೆನ್ಸ್ ನಾಲ್ಕೇ ಅದಾವ. ಹತ್ತಾದ್ರೂ ಬೇಕು. ಮತ್ತ ಇದರಾಗ ಎ.ಐ. ಎಲ್ಲೈತಿ?"

"ಸರ್, ಹೋದ ಸಲ ನೀವು ಎ.ಐ. ಅಂದಿರಲಿಲ್ಲರಿ," ಅಂದಳು ಗಂಗಾಂಬಿಕಾ.

"ಹೋದ ಸಲ ಹೋದ ಸಲಕ್ಕಾತು. ಈ ವರ್ಷ ಪ್ಯಾನೆಲ್‌ದವರು ಅದನ್ನ ಕೇಳ್ತಾರ. ತಿದ್ದಕೊಂಡು ಬರ್ರಿ."

ಸಿಬ್ಬಂದಿ ಕೋಣೆಯಿಂದ ಹೊರಬಂದ ಮೂವರೂ ವರಾಂಡದಲ್ಲಿ ನಿಂತರು. ಜಮಖಂಡಿಯ ಆ ಎಂಜಿನಿಯರಿಂಗ್ ಕಾಲೇಜಿನಲ್ಲಿ ಅವರದು ಕೊನೆಯ ವರ್ಷ, ಎಲೆಕ್ಟ್ರಾನಿಕ್ಸ್. ಬನಹಟ್ಟಿಯ ಗಂಗಾಂಬಿಕಾ, ತೇರದಾಳದ ಬ್ರಾಹ್ಮಿ, ಮುಧೋಳದ ಕಪಿಲ. ಪ್ರಾಜೆಕ್ಟಿಗೆ ಮೂವರದು ಒಂದೇ ಗುಂಪು. ಪ್ರಾಜೆಕ್ಟ್ ಶುರು ಮಾಡುವ ಮೊದಲು ಸಿನಾಪ್ಸಿಸ್ ಕೊಡಬೇಕು: ಸಮಸ್ಯೆ ಏನು, ಉದ್ದೇಶಗಳೇನು, ಹೇಗೆ ಮಾಡುತ್ತೀರಿ, ಕೊನೆಗೆ ಏನು ಸಿಗುತ್ತದೆ. ಗೈಡ್ ಧರ್ಮರಾಜ ಸರ್ ಸಹಿ ಹಾಕಬೇಕು, ಶನಿವಾರದೊಳಗೆ ಪೋರ್ಟಲ್‌ಗೆ ಏರಿಸಬೇಕು, ಆಮೇಲೆ ಪರಿಶೀಲಿಸುವ ಅಧ್ಯಾಪಕರ ಪ್ಯಾನೆಲ್ ಮುಂದೆ ನಿಲ್ಲಬೇಕು. ಸಹಿಯೇ ಆಗಿರಲಿಲ್ಲ.

"ನಾ ಏನ ಹೇಳಿದ್ದೆ?" ಅಂದ ಕಪಿಲ. "ಮಗ್ಗ, ತೊಟ್ಟಲಾ, ಅಳೂ ಕೂಸು. ಇಂಥಾದ್ದಕ್ಕ ಎಲ್ಲಿಂದ ತರ್ತಿ ರೆಫರೆನ್ಸ್?"

ಗಂಗಾಂಬಿಕಾ ಹಾಳೆಗಳನ್ನು ಚೀಲಕ್ಕೆ ತುರುಕಿದಳು.

ಆ ವಿಷಯವನ್ನು ಅವಳು ಪುಸ್ತಕದಿಂದ ತೆಗೆದಿರಲಿಲ್ಲ. ಮನೆಯಲ್ಲಿ ನಾಲ್ಕು ಪವರ್‌ಲೂಮ್ ಮಗ್ಗಗಳು. ಅಣ್ಣ ನೂಲು ತರಲು ಹೋದಾಗ ಅವನ ಹೆಂಡತಿ ಶೈಲಾ ವೈನಿ ಒಬ್ಬಳೇ ನಾಲ್ಕನ್ನೂ ನೋಡಿಕೊಳ್ಳುತ್ತಿದ್ದಳು. ಅವಳ ಒಂಬತ್ತು ತಿಂಗಳ ಕೂಸು ಸೋಮಲಿಂಗ ಪಕ್ಕದ ಕೋಣೆಯ ತೊಟ್ಟಿಲಲ್ಲಿ. ಬೇಸಿಗೆಯಲ್ಲಿ ಒಂದು ಮಧ್ಯಾಹ್ನ ವೈನಿ ನೀರು ಕುಡಿಯಲು ಒಳಗೆ ಹೋದಾಗ ಕೂಸಿನ ಕಾಲು ತೊಟ್ಟಿಲ ಬಟ್ಟೆಯಲ್ಲಿ ಸಿಕ್ಕಿ ತಿರುಚಿಕೊಂಡಿತ್ತು. ಎಷ್ಟು ಹೊತ್ತಿನಿಂದ ಅತ್ತಿತ್ತೋ, ಬಾಯಿ ತೆರೆದರೆ ದನಿಯೇ ಬರುತ್ತಿರಲಿಲ್ಲ. ಕಾಲಿಗೆ ಏನೂ ಆಗಲಿಲ್ಲ. ಆದರೆ ವೈನಿ ಅಂದಿನಿಂದ ದಿನಕ್ಕೆ ಹತ್ತು ಸಲ ನಡೆಯುವ ಮಗ್ಗ ಬಿಟ್ಟು ಒಳಗೆ ಓಡುತ್ತಿದ್ದಳು. ಅತ್ತ ಎಳೆ ಹರಿಯುತ್ತಿತ್ತು, ಇತ್ತ ಕೂಸು ನಿದ್ದೆಯಲ್ಲಿರುತ್ತಿತ್ತು.

ಕೂಸು ಅತ್ತರೆ ಮಗ್ಗದ ಕೋಣೆಯಲ್ಲಿ ಕೆಂಪು ದೀಪ ಹತ್ತಬೇಕು. ಗಂಗಾಂಬಿಕಾ ಯೋಚಿಸಿದ್ದು ಇಷ್ಟೇ.

ಮೊದಲ ಸಲ ಸರ್ ಹೇಳಿದ್ದು ಸರಿಯಾಗಿಯೇ ಇತ್ತು. ಅವಳು 'ಸಮಸ್ಯೆ' ಎಂಬಲ್ಲಿ 'ಕೂಸು ಅತ್ತರೆ ತಿಳಿಸುವ ಸಾಧನ ಇಲ್ಲ' ಎಂದು ಬರೆದಿದ್ದಳು. "ಸಾಧನ ಇಲ್ಲ ಅನ್ನೂದು ಸಮಸ್ಯೆ ಅಲ್ಲವ್ವಾ, ಉತ್ತರಾನ ತಿರುಗಿಸಿ ಬರದಿ. ಅಲ್ಲಿ ಖರೇ ಏನಾಗಾಕತ್ತೈತಿ ಅದನ್ನ ಬರಿ," ಅಂದಿದ್ದರು. ಬರೆದಳು. ಎರಡನೆಯ ಸಲ, 'ತಾಯಂದಿರಿಗೆ ನೆರವಾಗುವುದು' ಎಂಬ ಉದ್ದೇಶಕ್ಕೆ ಗೆರೆ ಹೊಡೆದರು: "ನೆರವನ್ನ ಯಾವ ಮೀಟರಿನಾಗ ಅಳೀತಿ? ಅಳಿಯಾಕ ಬರೂ ಮಾತು ಬರಿ." ಅದನ್ನೂ ಒಪ್ಪಿದಳು. ಆದರೆ ಮೂರನೆಯ ಸಲದ ಈ ಎ.ಐ.? ಒಂದೇ ಸಲ ಎಲ್ಲ ಹೇಳಿಬಿಟ್ಟಿದ್ದರೆ ಏನಾಗುತ್ತಿತ್ತು ಇವರಿಗೆ?

ಮರುದಿನ ಕಪಿಲ ಹೊಸ ಸಿನಾಪ್ಸಿಸ್ ತಂದ. 'ಎಲೆಯ ಚಿತ್ರದಿಂದ ಬೆಳೆ ರೋಗದ ಪತ್ತೆ.' ಬೆಳಗಾವಿಯ ಪ್ರಾಜೆಕ್ಟ್ ಅಂಗಡಿಯೊಂದರದು. ಸಿನಾಪ್ಸಿಸ್, ವರದಿ, ನಡೆಯುವ ಮಾಡೆಲ್ ಎಲ್ಲ ಒಟ್ಟಿಗೆ ಕೊಡುತ್ತಾರಂತೆ. ಇಪ್ಪತ್ತೆರಡು ರೆಫರೆನ್ಸ್ ಇದ್ದವು. ನಿರೀಕ್ಷಿತ ಫಲಿತಾಂಶ: ಶೇಕಡಾ ತೊಂಬತ್ತೆಂಟು ನಿಖರತೆ.

"ಇನ್ನ ಮಾಡೇ ಇಲ್ಲ, ತೊಂಬತ್ತೆಂಟು ಹೆಂಗ ಗೊತ್ತಾತು?" ಅಂದಳು ಬ್ರಾಹ್ಮಿ.

"ಅವರು ಹೋದ ವರ್ಷಾನ ಮಾಡ್ಯಾರ," ಅಂದ ಕಪಿಲ, ನಾಚಿಕೆಯಿಲ್ಲದೆ.

ಇಬ್ಬರು ಹುಡುಗಿಯರನ್ನು ಕೇಳದೆಯೇ ಅವನು ಅದನ್ನು ಸರ್ ಬಳಿ ಒಯ್ದ. ಊಟದ ಬಿಡುವು ಮುಗಿಯುವ ಮೊದಲೇ ಸಹಿ ಹಾಕಿಸಿಕೊಂಡು ಬಂದ. ನೀಲಿ ಶಾಯಿಯ ಆ ಸಹಿ ನೋಡಿ ಗಂಗಾಂಬಿಕಾ ನೇರ ಸಿಬ್ಬಂದಿ ಕೋಣೆಗೆ ಹೋದಳು. ಬ್ರಾಹ್ಮಿ ಹಿಂದೆಯೇ ಬಂದಳು.

"ಸರ್, ಅದನ್ನ ನೀವು ಓದಿದ್ರೇನ್ರಿ?"

ಧರ್ಮರಾಜ ಸರ್ ಚಹಾದ ಲೋಟ ಕೆಳಗಿಟ್ಟರು. ಬೈಯುತ್ತಾರೆ ಅಂದುಕೊಂಡಳು. ಬೈಯಲಿಲ್ಲ.

"ಓದೂದೇನೈತಿ ಅದರಾಗ? ಅಂಥವು ವರ್ಷಾ ನಾಲ್ಕು ಬರ್ತಾವ. ಪ್ಯಾನೆಲ್‌ದವರೂ ಓದಂಗಿಲ್ಲ, ಪಾಸ್ ಮಾಡ್ತಾರ. ನಿನ್ನ ವಿಷಯಾ ಹೊಸಾದು. ಹೊಸಾದಕ್ಕ ಪ್ರಶ್ನಿ ಕೇಳ್ತಾರ. ಉತ್ತರಾ ಬರಲಿಲ್ಲಂದ್ರ ನಿಮ್ಮ ಜೋಡಿ ನಾನೂ ಅಲ್ಲಿ ನಿಂದ್ರಬೇಕು."

"ಹಂಗಾದ್ರ ನಮ್ಮದನ್ನ ಬಿಡಬೇಕೇನ್ರಿ?"

"ಶುಕ್ರವಾರತನಕಾ ಟೈಮ್ ಕೊಡ್ತೀನಿ. ಗಟ್ಟಿಯಾಗಿ ಮಾಡ್ಕೊಂಡು ಬಾ. ಇಲ್ಲಂದ್ರ ಶನಿವಾರ ಕಪಿಲಂದೇ ಹೋಗ್ತೈತಿ. ಒಂದು ಗುಂಪಿಗೆ ಒಂದೇ ಸಿನಾಪ್ಸಿಸ್."

ಬಸ್ಸಿನಲ್ಲಿ ಕಿಟಕಿಗೆ ತಲೆಯಿಟ್ಟು ಗಂಗಾಂಬಿಕಾ ಕೂತಳು. ಗಟ್ಟಿಯಾಗಿ ಅಂದರೆ? ಸರ್‌ಗೆ ಪುರಾವೆ ತೋರಿಸಬೇಕು. ಕೂಸು ಅಳುವುದನ್ನೇ ಮೊಬೈಲಿನಲ್ಲಿ ದಾಖಲಿಸಿ ಅವರ ಮುಂದೆ ಹಚ್ಚಬೇಕು. ಕೇಳ್ರಿ ಸರ್, ಈಗ ಹೇಳ್ರಿ.

ಮರುದಿನ ಕಾಲೇಜಿಗೆ ಹೋಗಲಿಲ್ಲ. ಮಗ್ಗಗಳು ನಡೆಯುತ್ತಿರುವಾಗ ಮೊಬೈಲನ್ನು ತೊಟ್ಟಿಲಿನ ಕೆಳಗಿಟ್ಟು ಕಾದಳು. ಸೋಮಲಿಂಗ ಎದ್ದ, ಕಣ್ಣುಜ್ಜಿದ, ಬಾಯಿ ತೆರೆದು ಅತ್ತ. ಅವನನ್ನು ಎತ್ತಿಕೊಂಡು ಅಟ್ಟದ ಮೇಲೆ ಹೋಗಿ ದಾಖಲಾದದ್ದನ್ನು ಕೇಳಿದಳು.

ಮಗ್ಗದ ಸದ್ದು. ಬರೀ ಮಗ್ಗದ ಸದ್ದು. ಅಳುವಿದ್ದ ಜಾಗವನ್ನು ಮೂರು ಸಲ ಹುಡುಕಿದಳು. ಸಿಗಲಿಲ್ಲ.

ಇಂಥದ್ದೇ ಒಂದು ಮೈಕ್ ನಂಬಿಕೊಂಡು ಅವಳು ಮೂರು ಸಲ ಸಿನಾಪ್ಸಿಸ್ ಬರೆದಿದ್ದಳು. 'ವಿಧಾನ' ಎಂಬಲ್ಲಿ ಚಂದದ ಚಿತ್ರ ಬೇರೆ: ಮೈಕ್, ಅಲ್ಲಿಂದ ಬಾಣ, ಮೈಕ್ರೊಕಂಟ್ರೋಲರ್, ಅಲ್ಲಿಂದ ಬಾಣ, ದೀಪ. ಸರ್ ರೆಫರೆನ್ಸ್ ಎಣಿಸಿದರು, ಎ.ಐ. ಕೇಳಿದರು, ಈ ಸದ್ದಿನಲ್ಲಿ ಮೈಕಿಗೆ ಅಳು ಕೇಳುತ್ತದೆಯೇ ಎಂಬ ಒಂದು ಪ್ರಶ್ನೆ ಕೇಳಲಿಲ್ಲ. ಅವರನ್ನು ಬೈಯಬೇಕೆನಿಸಿತು. ಆದರೆ ತನಗೆ ಹೊಳೆದಿತ್ತೇ? ಇದೇ ಮನೆಯಲ್ಲಿ ಹುಟ್ಟಿ ಬೆಳೆದವಳಿಗೆ? ಮೊಬೈಲನ್ನು ಹಾಸಿಗೆಯ ಮೇಲೆ ಎಸೆದಳು. ಕೂಸು ಅದನ್ನು ಹಿಡಿಯಲು ಅಂಬೆಗಾಲಿಟ್ಟಿತು.

ಕೆಳಗೆ ಬಂದು ಅವನನ್ನು ಮತ್ತೆ ತೊಟ್ಟಿಲಿಗೆ ಹಾಕಿದಳು. ತೂಗಲು ಹಗ್ಗ ಹಿಡಿದಾಗ ಅಂಗೈಗೆ ಸಣ್ಣ ನಡುಕ ತಾಗಿತು. ಮಗ್ಗದ ಬಡಿತ ಗೋಡೆ, ತೊಲೆ ಹಾದು ಹಗ್ಗಕ್ಕೆ ಇಳಿಯುತ್ತಿತ್ತು, ಒಂದೇ ಸಮನೆ. ಅಷ್ಟರಲ್ಲಿ ಸೋಮಲಿಂಗ ಕಾಲು ಝಾಡಿಸಿದ. ಹಗ್ಗ ಬೇರೆ ರೀತಿ ಎಳೆಯಿತು, ಅಡ್ಡಾದಿಡ್ಡಿ. ಅವಳು ಹಗ್ಗ ಬಿಡಲಿಲ್ಲ. ಮತ್ತೆ ಝಾಡಿಸಿದ. ಮತ್ತೆ ಎಳೆಯಿತು.

ಬ್ರಾಹ್ಮಿಗೆ ಫೋನ್ ಮಾಡಿದಳು. "ಇವತ್ತೇ ಬಾ. ಮೈಕ್ ಆಗಂಗಿಲ್ಲಲೇ. ಬ್ಯಾರೆ ಹಾದಿ ಸಿಕ್ಕೈತಿ."

ಬ್ರಾಹ್ಮಿ ಮಧ್ಯಾಹ್ನದ ಬಸ್ಸಿಗೆ ಬಂದಳು. ಅವಳ ಮೊಬೈಲಿನಲ್ಲಿ ಅಲುಗಾಟವನ್ನು ಗೆರೆಯಾಗಿ ತೋರಿಸುವ ಆ್ಯಪ್ ಇತ್ತು. ಮೊಬೈಲನ್ನು ತೊಟ್ಟಿಲಿನ ಹಗ್ಗಕ್ಕೆ ಬಿಗಿಯಾಗಿ ಕಟ್ಟಿದರು. ಕೂಸು ಮಲಗಿದ್ದಾಗ ಗೆರೆ ಬಾಚಣಿಗೆಯ ಹಲ್ಲಿನಂತೆ ಒಂದೇ ಅಳತೆಯಲ್ಲಿ ಓಡಿತು. ಎದ್ದಾಗ ಆ ಹಲ್ಲುಗಳ ನಡುವೆ ದೊಡ್ಡ ದೊಡ್ಡ ಉಬ್ಬು ಎದ್ದವು. ಆದರೆ ನಿದ್ದೆಯಲ್ಲಿ ಮಗ್ಗುಲಾದಾಗಲೂ ಒಂದು ಉಬ್ಬು ಬಂತು. ಒಮ್ಮೆ ಎದ್ದು ಸುಮ್ಮನೆ ಸೂರು ನೋಡುತ್ತ ಮಲಗಿದ್ದಾಗ ಏನೂ ಬರಲಿಲ್ಲ.

"ಎಲ್ಲಾ ಸಲಾ ಹಿಡಿಯಂಗಿಲ್ಲ ಇದು," ಅಂದಳು ಬ್ರಾಹ್ಮಿ.

"ಹಿಡಿಯಂಗಿಲ್ಲ. ಹಂಗಂತ ಬರಿಯೋಣು."

ಆ ಸಂಜೆ ಇಬ್ಬರೂ ಮೊದಲಿನಿಂದ ಬರೆದರು. ಸಮಸ್ಯೆ: ಮಗ್ಗದ ಸದ್ದಿನಲ್ಲಿ ಪಕ್ಕದ ಕೋಣೆಯ ಕೂಸಿನ ಅಳು ಮನುಷ್ಯರಿಗೂ ಕೇಳುವುದಿಲ್ಲ, ಮೈಕಿಗೂ ಕೇಳುವುದಿಲ್ಲ. ಉದ್ದೇಶ: ತೊಟ್ಟಿಲಿನ ಅಲುಗಾಟದಿಂದ ಮಗ್ಗದ ಬಡಿತವನ್ನು ಬೇರೆ ಮಾಡುವುದು, ಕೂಸಿನ ಚಲನೆಯನ್ನು ಗುರುತಿಸಿ ಹತ್ತು ಸೆಕೆಂಡಿನೊಳಗೆ ದೀಪ ಹಚ್ಚುವುದು. ನಿರೀಕ್ಷಿತ ಫಲಿತಾಂಶ: ಕೂಸು ಎದ್ದ ನೂರು ಸಲದಲ್ಲಿ ಕನಿಷ್ಠ ಎಂಬತ್ತು ಸಲ ಗುರುತಿಸುವ ಗುರಿ, ತಪ್ಪು ಎಚ್ಚರಿಕೆಗಳನ್ನೂ ದಾಖಲಿಸಲಾಗುವುದು, ಇದು ಕೂಸನ್ನು ನೋಡಿಕೊಳ್ಳುವವರ ಬದಲಿಯಲ್ಲ. ರೆಫರೆನ್ಸ್ ಹುಡುಕಿ ಹತ್ತು ಮಾಡಿದರು, ಎ.ಐ. ಎಂಬ ಮಾತು ಎಲ್ಲೂ ಹಾಕಲಿಲ್ಲ.

ಶುಕ್ರವಾರ ಧರ್ಮರಾಜ ಸರ್ ಮೊದಲ ಹಾಳೆಯಿಂದ ಓದಿದರು. ಮೈಕಿನ ಸಾಲು ಬಂದಾಗ ತಲೆಯೆತ್ತಿ ಅವಳನ್ನು ನೋಡಿ ಮತ್ತೆ ಓದಿದರು. ಕೊನೆಗೆ ಪೆನ್ನು ತೆಗೆದರು. ಸಹಿ ಹಾಕುತ್ತಾರೆ ಅಂದುಕೊಂಡರೆ ಎಂಬತ್ತರ ಸುತ್ತ ವೃತ್ತ ಎಳೆದರು.

"ಛಲೋ ಐತಿ. ಇದೊಂದು ತೊಂಬತ್ತೈದು ಮಾಡು."

"ಯಾಕ್ರಿ ಸರ್?"

"ಎಂಬತ್ತು ಅಂದ್ರ ಅರ್ಧಾ ಕೆಲಸ ಅಂತಾರ. ಹೋದ ವರ್ಷ ನನ್ನ ಗುಂಪಿನ ಹುಡುಗ್ರು ಎಪ್ಪತ್ತು ಅಂತ ಬರದಿದ್ರು. ಎಲ್ಲಾರ ಮುಂದ ನನಗ ಕೇಳಿದ್ರು, ಏನ್ ಗೈಡ್ ಮಾಡಿರಿ ಅಂತ."

ಮೂರು ವಾರದಿಂದ ತಡೆದಿಟ್ಟದ್ದನ್ನು ಗಂಗಾಂಬಿಕಾಳಿಗೆ ಇನ್ನು ತಡೆಯಲಾಗಲಿಲ್ಲ. "ಸರ್, ನೀವು ಸಮಸ್ಯೆ ತಿದ್ದಂದ್ರಿ, ತಿದ್ದಿದೆ. ಉದ್ದೇಶ ತಿದ್ದಂದ್ರಿ, ತಿದ್ದಿದೆ. ಅವು ಖರೇನ ತಪ್ಪಿದ್ದವು. ಇದು ತಪ್ಪಿಲ್ಲರಿ. ತೊಂಬತ್ತೈದು ಅಂತ ಬರದ್ರ ನಮ್ಮ ವೈನಿ ಆ ದೀಪಾ ನಂಬಿ ಒಳಗ ಹೋಗೂದ ಬಿಡ್ತಾಳ. ನನಗ ಬರಿಯಾಕ ಆಗಂಗಿಲ್ಲ."

ಪಕ್ಕದ ಮೇಜಿನವರು ತಿರುಗಿ ನೋಡಿದರು. ಸರ್ ಪೆನ್ನಿನ ಮುಚ್ಚಳ ಹಾಕಿದರು, ತೆಗೆದರು. ಆಮೇಲೆ ಎಂಬತ್ತನ್ನು ಹಾಗೆಯೇ ಬಿಟ್ಟು ಸಹಿ ಹಾಕಿ ಹಾಳೆಗಳನ್ನು ಅವಳತ್ತ ತಳ್ಳಿದರು.

ಕಪಿಲ ಮುಖ ಊದಿಸಿಕೊಂಡ. ಆದರೂ ಅಂಗಡಿಯವನಿಗೆ ಬೇಡವೆಂದು ಹೇಳಿ ಶನಿವಾರ ಪೋರ್ಟಲ್‌ಗೆ ಏರಿಸಲು ಅವನೇ ಕೂತ. ಎರಡು ಸಲ ಪೋರ್ಟಲ್ ನಿಂತಿತು. ಮೂರನೆಯ ಸಲ ಹೋಯಿತು.

ಪ್ಯಾನೆಲ್ಲಿನಲ್ಲಿ ಮೂವರು ಅಧ್ಯಾಪಕರು. "ಕೂಸು ಅತ್ರ ತಿಳಿಸೋ ಮಷಿನ್ ಪ್ಯಾಟ್ಯಾಗ ಸಿಗ್ತಾವಲ್ಲ?" ಎಂದರು ವಿಭಾಗದ ಮುಖ್ಯಸ್ಥರು.

"ಅವು ಸದ್ದು ಕೇಳಿ ಹೇಳ್ತಾವರಿ. ನಮ್ಮಲ್ಲಿ ಮಗ್ಗದ ಸದ್ದಿನಾಗ ಅಳೂ ಸದ್ದು ಸಿಗಂಗಿಲ್ಲ," ಎಂದಳು ಗಂಗಾಂಬಿಕಾ. ಕಪಿಲ ಮೊಬೈಲಿನಲ್ಲಿ ಅವಳು ತೊಟ್ಟಿಲಿನ ಕೆಳಗೆ ದಾಖಲಿಸಿದ್ದ ಸದ್ದನ್ನು ಹಚ್ಚಿದ. ಮುಖ್ಯಸ್ಥರು ಸ್ವಲ್ಪ ಕೇಳಿ ನಿಲ್ಲಿಸಲು ಕೈ ಮಾಡಿದರು.

"ಎಂಬತ್ತೇ ಯಾಕ?" ಎಂದು ಇನ್ನೊಬ್ಬರು ಕೇಳಿದರು.

ಅವಳು ಬಾಯಿ ತೆರೆಯುವ ಮೊದಲೇ ಮೂಲೆಯಲ್ಲಿ ಕೂತಿದ್ದ ಧರ್ಮರಾಜ ಸರ್ ಎದ್ದರು. "ಅದು ಗುರಿ ಸರ್. ಎಷ್ಟು ಬರ್ತೈತಿ ಅನ್ನೂದನ್ನ ಮಾಡಿ ಹೇಳ್ತಾರ. ನಾನೇ ಒಪ್ಪೀನಿ."

ವಾರದ ನಂತರ ಸೂಚನಾ ಫಲಕದಲ್ಲಿ ಹಾಳೆ ಅಂಟಿಸಿದರು. ಅವರ ಗುಂಪಿನ ಮುಂದೆ 'ಒಪ್ಪಿಗೆ' ಎಂದಿತ್ತು. ಅದರ ಕೆಳಗೆ ಸಣ್ಣ ಅಕ್ಷರದಲ್ಲಿ: 'ಶೀರ್ಷಿಕೆ ಚಿಕ್ಕದು ಮಾಡಿ, ರೆಫರೆನ್ಸ್ ನಮೂನೆ ಸರಿಪಡಿಸಿ ಮರುಸಲ್ಲಿಸುವುದು.'

"ಮತ್ತ!" ಬ್ರಾಹ್ಮಿ ಗೋಡೆಗೆ ಒರಗಿದಳು. ಗಂಗಾಂಬಿಕಾಳಿಗೆ ಖುಷಿಪಡಬೇಕೋ ಆ ಹಾಳೆಯನ್ನು ಕಿತ್ತು ಒಗೆಯಬೇಕೋ ತಿಳಿಯಲಿಲ್ಲ. ಕಪಿಲ ಹಾಳೆಯ ಫೋಟೋ ತೆಗೆದುಕೊಂಡು, "ರೆಫರೆನ್ಸ್ ನಾ ಮಾಡ್ತೀನಿ. ನೀವು ಶೀರ್ಷಿಕೆ ನೋಡ್ರಿ," ಅಂದ.

ಮನೆಗೆ ಬಂದಾಗ ವಿದ್ಯುತ್ ಹೋಗಿ ಮಗ್ಗಗಳು ನಿಂತಿದ್ದವು. ವೈನಿ ಕೂಸಿಗೆ ಗಂಜಿ ತಿನ್ನಿಸುತ್ತಿದ್ದಳು.

"ಏನಾತು ಗಂಗಾ? ಆತೇನು ನಿಂದು?"

"ಆತು ವೈನಿ. ಮಾಡ್ರಿ ಅಂದಾರ."

"ಮಾಡ್ರಿ ಅಂದಾರ?" ವೈನಿ ಚಮಚ ಹಿಡಿದ ಕೈ ಹಾಗೆಯೇ ನಿಲ್ಲಿಸಿದಳು. "ಅಂದ್ರ ಇಷ್ಟ ದಿನಾ ಮಾಡಾಕ ಹತ್ತಿದ್ದು ಏನು?"

ಗಂಗಾಂಬಿಕಾ ಚೀಲವನ್ನು ಮೂಲೆಗೆ ಇಟ್ಟು, ಕೂಸಿನ ಗಲ್ಲಕ್ಕೆ ಹತ್ತಿದ್ದ ಗಂಜಿ ಒರೆಸಿದಳು.