ಬದರಿಯ ಮೈನಸ್ ಮೂವತ್ತೆಂಟು

ಬಸವನಗುಡಿಯಲ್ಲಿ ಕೀ ಕೊಡುವ ವಾಚು ಕಟ್ಟುವವರದೊಂದು ಬಳಗವಿದೆ. ಇದು ಗೊತ್ತಿಲ್ಲದವರು ಪುಣ್ಯವಂತರು. ಭಾನುವಾರ ಬೆಳಿಗ್ಗೆ ಬದರೀನಾರಾಯಣನ ನಡುಮನೆಯಲ್ಲಿ ಸೇರಿ, ಒಬ್ಬರ ವಾಚನ್ನು ಇನ್ನೊಬ್ಬರು ಹೀಯಾಳಿಸಿ, ಕಾಫಿ ಕುಡಿದು ಏಳುತ್ತೇವೆ. ನಾನೂ ಹೋಗುತ್ತೇನೆ, ಕಾಫಿ ಚೆನ್ನಾಗಿರುತ್ತದೆ.

ಎಲ್ಲರನ್ನೂ ಹೀಯಾಳಿಸುವ ಹಕ್ಕು ಬದರಿಗೆ ಬಂದದ್ದು ಅವನ ಫೋನಿನ ಒಂದು ಆ್ಯಪ್‌ನಿಂದ. ವಾಚನ್ನು ಫೋನಿನ ಮೈಕಿಗೆ ಒತ್ತಿ ಹಿಡಿದರೆ ಸಾಕು. ಅದು ಟಿಕ್ ಟಿಕ್ ಕೇಳಿಸಿಕೊಂಡು, ಇದೇ ಥರ ಓಡಿದರೆ ದಿನಕ್ಕೆ ಎಷ್ಟು ಸೆಕೆಂಡು ತಪ್ಪುತ್ತದೆಂದು ಹೇಳುತ್ತದೆ. ಮುಂದೆ ಓಡಿದರೆ ಪ್ಲಸ್, ಹಿಂದೆ ಬಿದ್ದರೆ ಮೈನಸ್. ಮಗಳ ಮದುವೆಯಲ್ಲಿ ಪುರೋಹಿತರ ವಾಚು ಬಿಚ್ಚಿಸಿ ನೋಡಿ, ಪ್ಲಸ್ ಐವತ್ತು ಬಂತೆಂದು ಬದರಿ ಮುಹೂರ್ತವನ್ನೇ ತಡೆದ. ತಾಳಿ ಹಿಡಿದು ನಿಂತಿದ್ದ ಹುಡುಗ ಅದನ್ನು ಕಟ್ಟುವಷ್ಟರಲ್ಲಿ ಅವನಿಗೆ ಎದೆಯವರೆಗೆ ಗಡ್ಡ ಬಂದಿತ್ತು. ಫೋಟೋಗಳಿವೆ.

ವಿ.ವಿ. ಪುರಂನಲ್ಲಿ ನಮ್ಮ ವಾಚುಗಳ ಪ್ರದರ್ಶನಕ್ಕೆ ಒಂದು ವಾರವಿತ್ತು. ಇಪ್ಪತ್ತು ಸೆಕೆಂಡಿಗಿಂತ ಹೆಚ್ಚು ತಪ್ಪುವ ವಾಚಿಗೆ ಮೇಜಿನ ಮೇಲೆ ಜಾಗವಿಲ್ಲ. ಇದು ಬದರಿಯದೇ ಕಾನೂನು. ಉಳಿದದ್ದು ಒಂದೇ ಜಾಗ. ಅದನ್ನು ಬದರಿ ತನ್ನ ಹೊಸ ಸ್ವಿಸ್ ವಾಚಿಗೆಂದು ಇಟ್ಟುಕೊಂಡಿದ್ದ. ಅದೇ ಜಾಗ ಬೇಕೆಂದು ಬಂದವರು ಆಂಡಾಳ್, ನಿವೃತ್ತ ಹೆಡ್‌ಮಿಸ್. ಅವರ ಕೈಯಲ್ಲಿ ಹಳೆಯ ಎಚ್‌ಎಂಟಿ. ಸೆಕೆಂಡ್ ಮುಳ್ಳು ಯಾವ ಕಾಲದಲ್ಲೋ ಉದುರಿಹೋಗಿತ್ತು. ಚಾಮರಾಜಪೇಟೆಯ ಶಾಲೆಯಲ್ಲಿ ಅವರು ಕೆಲಸದಲ್ಲಿ ಇದ್ದಷ್ಟು ಕಾಲವೂ ಗಂಟೆ ಹೊಡೆದದ್ದು ಈ ವಾಚು ನೋಡಿಯೇ.

"ಇದನ್ನೂ ಒಂದ್ಸಲ ನೋಡ್ಬಿಡಿ ಬದರಿ," ಎಂದರು.

"ಮೇಡಂ, ಇದು ವಾಚುಗಳ ಪ್ರದರ್ಶನ. ಅಸ್ಥಿ ಸಂಚಯನ ಅಲ್ಲ."

ಪ್ರಭುದೇವ ನಕ್ಕ. ಬದರಿ ಏನು ಹೇಳಿದರೂ ನಗುವುದೇ ಬಳಗದಲ್ಲಿ ಅವನ ಕೆಲಸ.

"ತಡೀರಿ, ಇನ್ನೂ ಕೀ..." ಎಂದು ಆಂಡಾಳ್ ಬಾಯಿ ತೆರೆಯುವಷ್ಟರಲ್ಲಿ ಬದರಿ ವಾಚು ಕಿತ್ತುಕೊಂಡಿದ್ದ.

"ನಾನ್ ನೋಡ್ಕೊತೀನಿ ಬಿಡಿ. ನಿಮ್ಗೆ ಇದೆಲ್ಲ ಅರ್ಥ ಆಗಲ್ಲ."

ಆಂಡಾಳ್ ಬಾಯಿ ಮುಚ್ಚಿಕೊಂಡರು. ಕುರ್ಚಿಗೆ ಒರಗಿ ಕೂತರು.

ಬೇರೆ ದಿನವಾದರೆ ಬದರಿ ಪರೀಕ್ಷೆಗೆ ಮೊದಲು ತನ್ನ ವಾಚನ್ನು ಬಿಚ್ಚಿಡುತ್ತಿದ್ದ. ಅಂದು ಹೊಸ ಸ್ವಿಸ್ ವಾಚು ಎಲ್ಲರಿಗೂ ಕಾಣಬೇಕಿತ್ತು. ಅಂಗಿಯ ತೋಳು ಮಡಚಿ, ಅದನ್ನು ಕಟ್ಟಿದ್ದ ಎಡಗೈಯಲ್ಲೇ ಫೋನು ಹಿಡಿದ. ಫೋನಿನ ಕೆಳತುದಿ, ಅಂದರೆ ಮೈಕು, ನೇರವಾಗಿ ಅವನ ಮಣಿಕಟ್ಟಿನ ವಾಚಿಗೇ ತಗುಲಿ ಕೂತಿತು. ಬಲಗೈಯಿಂದ ಎಚ್‌ಎಂಟಿಯನ್ನು ಅಲ್ಲೇ ಒತ್ತಿದ. ಪರದೆಯ ಮೇಲೆ ಚುಕ್ಕಿಗಳ ಸಾಲು ಕೆಳಕ್ಕೆ ಜಾರತೊಡಗಿತು.

"ಮೈನಸ್ ಮೂವತ್ತೆಂಟು," ಎಂದು ಎಲ್ಲರಿಗೂ ತೋರಿಸಿದ. "ದಿನಕ್ಕೆ ಮೂವತ್ತೆಂಟು ಸೆಕೆಂಡ್ ಹಿಂದೆ. ಸೋಮಾರಿ ವಾಚು. ಇದನ್ನ ಕಟ್ಕೊಂಡೋರಿಗೆ ಮಾನ ಇರಬೇಕು."

"ಮಾನ ಇರಬೇಕು," ಎಂದ ಪ್ರಭುದೇವ.

"ಹಾಗಿದ್ರೆ ಮೇಜಿನ ಮೇಲೆ ಇಡೋ ಹಾಗಿಲ್ವಾ?" ಆಂಡಾಳ್ ಕೇಳಿದರು.

"ಮೇಜಿನ ಕೆಳಗೂ ಇಡೋ ಹಾಗಿಲ್ಲ."

"ಯಾರದಾದ್ರೂ ಸರಿ?"

"ನಮ್ಮಪ್ಪಂದಾದ್ರೂ ಸರಿ. ಕಾನೂನು ಕಾನೂನೇ."

ಆಂಡಾಳ್ ಕನ್ನಡಕ ಏರಿಸಿ ಪರದೆ ನೋಡಿದರು. "ಇಲ್ಲಿ ಗಂಟೆಗೆ ಇಪ್ಪತ್ತೆಂಟು ಸಾವಿರದ ಎಂಟುನೂರು ಬಡಿತ ಅಂತಿದ್ಯಲ್ಲ. ನನ್ನ ವಾಚಿಂದು ಹದಿನೆಂಟು ಸಾವಿರ. ಅಷ್ಟು ಬಡಿಯೋದು ನಿಮ್ಮ ಸ್ವಿಸ್ ಅಲ್ವಾ?"

ಬದರಿ ಎಚ್‌ಎಂಟಿಯನ್ನು ಕಿವಿಗಿಟ್ಟುಕೊಂಡ. ಇನ್ನೊಂದು ಕಿವಿಗೂ ಇಟ್ಟುಕೊಂಡ.

"ನಿಂತಿದೆ," ಎಂದರು ಆಂಡಾಳ್. "ಇನ್ನೂ ಕೀ ಕೊಟ್ಟಿಲ್ಲ ಅನ್ನೋಕ್ ಬಂದೆ. ನನಗರ್ಥ ಆಗಲ್ಲ ಅಂದ್ರಲ್ಲ, ಸುಮ್ನಾದೆ."

ಪ್ರಭುದೇವ ಅಭ್ಯಾಸಬಲದಿಂದ ನಕ್ಕುಬಿಟ್ಟ.

ಬದರಿ ಸ್ವಿಸ್ ವಾಚು ಬಿಚ್ಚಿ, ಮುಖ ಮೇಲಾಗಿ ಮಲಗಿಸಿ ಮೈಕಿಗೆ ಹಿಡಿದ. ಪ್ಲಸ್ ಎರಡು. "ನೋಡಿ," ಎಂದ. ಮಾರಿದವನು ಕಳಿಸಿದ ಫೋಟೋದಲ್ಲಿ ಇದ್ದದ್ದೂ ಅದೇ. ಆಂಡಾಳ್ ಅದನ್ನು ತಾವೇ ತೆಗೆದುಕೊಂಡು, ಕೈಯಲ್ಲಿ ಕಟ್ಟಿದಾಗ ಇರುವಂತೆ ನಿಲ್ಲಿಸಿ ಹಿಡಿದರು. ಮೈನಸ್ ಮೂವತ್ತೆಂಟು.

"ಮಲಗಿದ್ರೆ ಸರಿ, ನಿಂತ್ರೆ ತಪ್ಪು. ನನ್ನ ಕ್ಲಾಸಲ್ಲೂ ಇಂಥೋರು ಇದ್ರು."

ಆಮೇಲೆ ಎಚ್‌ಎಂಟಿಗೆ ತುಂಬ ಕೀ ಕೊಟ್ಟು, ಸ್ವಿಸ್ ವಾಚನ್ನು ದೂರವಿಟ್ಟು ನೋಡಿದರು. ಮಲಗಿಸಿದರೆ ಪ್ಲಸ್ ಹನ್ನೊಂದು. ನಿಲ್ಲಿಸಿದರೆ ಪ್ಲಸ್ ನಾಲ್ಕು. ಬಡಿತ ಹದಿನೆಂಟು ಸಾವಿರ. ಜಾಗ ಯಾರಿಗೆಂದು ಯಾರೂ ಕೇಳಲಿಲ್ಲ. ಕಾನೂನು ಗೊತ್ತಿತ್ತು.

ಪ್ರದರ್ಶನದ ದಿನ ಎಚ್‌ಎಂಟಿ ಮೇಜಿನ ನಡುವೆ ಕೂತಿತ್ತು. ಬದರಿ ಬಾಗಿಲ ಬಳಿ, ಸ್ವಿಸ್ ವಾಚು ಕಟ್ಟಿದ ಎಡಗೈಯನ್ನು ತಟ್ಟೆಯಂತೆ ಮಟ್ಟಸವಾಗಿ ಮುಂದೆ ಚಾಚಿಕೊಂಡು, ಬೆಳಿಗ್ಗೆಯಿಂದ ಸಂಜೆಯವರೆಗೆ ನಿಂತಿದ್ದ. ವಾಚು ಮಲಗಿಯೇ ಇರಬೇಕಲ್ಲ. ಬಂದವರು ಅವನನ್ನು ಲೋಟ ಇಡಲೆಂದೇ ನಿಲ್ಲಿಸಿದ್ದಾರೆಂದುಕೊಂಡು, ಅರ್ಧ ಕುಡಿದ ಕಾಫಿ ಲೋಟಗಳನ್ನು ಅವನ ಕೈಮೇಲೆ ಇಟ್ಟು ಹೋದರು.

ನಾನೂ ಇಟ್ಟೆ. ಒಂದು ತೊಟ್ಟೂ ಚೆಲ್ಲಲಿಲ್ಲ.