ಅಮ್ಮನ ಮೊಣಕೈ ಎತ್ತರ

ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ. ವರ್ಷಗಟ್ಟಲೆ ಬೆಳೆಸಿದ ನನ್ನ ತಾರಸಿ ತೋಟವನ್ನು ಮಗ ಒಂದೇ ಭಾನುವಾರ ತಲೆಕೆಳಗು ಮಾಡಿದ. ಅದೂ ಪ್ರೀತಿಯಿಂದ. ಪ್ರೀತಿಯಿಂದ ಮಾಡಿದ್ದಕ್ಕೆ ಬಯ್ಯುವ ಹಾಗೂ ಇಲ್ಲವಲ್ಲ, ಅದೇ ನನಗೆ ಇನ್ನಷ್ಟು ಉರಿ.

ನನ್ನ ಬೆನ್ನು ಕೆಟ್ಟಿತ್ತು. ಬಗ್ಗಬಾರದು, ಭಾರ ಎತ್ತಬಾರದು ಎಂದು ಡಾಕ್ಟರು ಹೇಳಿದ್ದರು. ನಾನು ಕೋಣೆಯಲ್ಲಿ ಮಲಗಿದ್ದಾಗ ತಾರಸಿಯಲ್ಲಿ ಧಡಬಡ ಸದ್ದಾಯಿತು. "ಏನೋ ಅದು?" ಎಂದು ಕೂಗಿದರೆ, "ಆಮೇಲೆ ತೋರಿಸ್ತೀನಮ್ಮ, ಸುಮ್ನೆ ಮಲ್ಕೊ" ಎಂದ. ಮಲಗಿದೆ. ನನ್ನಂಥ ಪೆದ್ದಿ ಇನ್ನೊಬ್ಬಳಿಲ್ಲ.

ಸಂಜೆ ಸೊಸೆ ಕೈಹಿಡಿದು ಮೇಲೆ ಹತ್ತಿಸಿದಳು. ಮಣ್ಣಿನ ಕುಂಡ, ಸಿಮೆಂಟಿನ ಕುಂಡ ಒಂದೂ ಇರಲಿಲ್ಲ. ಎಲ್ಲವನ್ನೂ ಯಾರಿಗೋ ಕೊಟ್ಟುಬಿಟ್ಟಿದ್ದರು. ಅವುಗಳ ಜಾಗದಲ್ಲಿ ಹಗುರ ಪ್ಲಾಸ್ಟಿಕ್ ಕುಂಡಗಳು, ಒಳಗೆ ತೆಂಗಿನ ನಾರಿನ ಪುಡಿ ಬೆರೆಸಿದ ಮಣ್ಣು, ಅದರಲ್ಲಿ ನನ್ನವೇ ಗಿಡಗಳು. ಗೋಡೆಗೆ ಒರಗಿಸಿ ಮೂರು ಅಂತಸ್ತಿನ ಕಬ್ಬಿಣದ ಸ್ಟ್ಯಾಂಡು. ದಾಸವಾಳಕ್ಕೂ ಗುಲಾಬಿಗೂ ಚಕ್ರದ ಟ್ರೇ, ಬಿಸಿಲು ಬಂದ ಕಡೆ ತಳ್ಳಿಕೊಂಡು ಹೋಗಲಿ ಅಂತ. ಕುಂಡಗಳು ಚೆನ್ನಾಗಿದ್ದವು, ಸುಳ್ಳು ಹೇಳುವುದಿಲ್ಲ. ಪುದೀನದ ಕುಂಡವನ್ನು ಒಂದೇ ಕೈಯಲ್ಲಿ ಎತ್ತಿದೆ.

ಆದರೆ ಸ್ಟ್ಯಾಂಡಿನ ಮೇಲಿನ ಹಲಗೆ ನನ್ನ ಮೂಗಿನ ಮಟ್ಟಕ್ಕಿತ್ತು. ಕೆಳಗಿನದು ನೆಲಕ್ಕೆ ಅಂಟಿಕೊಂಡಿತ್ತು.

"ಯಾರ ಅಳತೆಗೆ ಮಾಡ್ಸಿದ್ದು ಇದನ್ನ?"

"ವೆಲ್ಡಿಂಗ್‌ನವ್ನು ಕೇಳ್ದ. ನಾನೇ ನಿಂತ್ಕೊಂಡು ತೋರಿಸ್ದೆ" ಎಂದ ಮಗ. ಇವನೋ ಬಾಗಿಲಿಗೆ ತಲೆ ತಗ್ಗಿಸಿ ಬರುವ ಆಸಾಮಿ!

"ನಾನು ಕೆಳಗೆ ಇದ್ನಲ್ಲೋ. ಸತ್ತಿರ್ಲಿಲ್ವಲ್ಲ."

"ಅಮ್ಮ, ನಿಂಗೆ ಒಳ್ಳೇದಾಗ್ಲಿ ಅಂತ ಮಾಡಿದ್ದು." ಮುಖ ಊದಿಸಿಕೊಂಡ. ಬಯ್ದವಳು ನಾನೇ ಕೆಟ್ಟವಳಾದೆ.

ಎರಡು ದಿನ ಬಾಯಿಮುಚ್ಚಿಕೊಂಡು ಕೆಲಸ ಮಾಡಿದೆ. ಮೂರನೆಯ ದಿನ ಸ್ಟೂಲಿನ ಮೇಲೆ ಕೂತು ಕೆಳಗಿನ ಹಲಗೆಯ ಟೊಮೆಟೊ ಗಿಡದ ಒಣಗಿದ ಎಲೆ ಕಿತ್ತೆ. ಏಳಬೇಕಾದರೆ ಕೈ ತಾನಾಗಿಯೇ ದಾಸವಾಳದತ್ತ ಹೋಯಿತು. ಯಾವತ್ತೂ ಹಾಗೆಯೇ: ಸಿಮೆಂಟಿನ ಆ ಕುಂಡದ ಅಂಚಿಗೆ ಕೈಯೂರಿಯೇ ನಾನು ಏಳುತ್ತಿದ್ದುದು. ಅಲುಗಾಡದ ಕುಂಡ ಅದು. ಈಗ ಅಲ್ಲಿದ್ದದ್ದು ಚಕ್ರದ ಟ್ರೇ, ಬ್ರೇಕೂ ಇಲ್ಲದ್ದು. ಅದು ಸರ್ರನೆ ಆಚೆ ಓಡಿತು, ನಾನು ಈಚೆ ಬಿದ್ದೆ.

ಮೂಳೆ ಮುರಿಯಲಿಲ್ಲ, ಸೊಂಟ ಕಪ್ಪಗಾಯಿತು ಅಷ್ಟೆ. ಮಗ ಆಫೀಸಿನಿಂದ ಓಡಿಬಂದವನೇ ತಾರಸಿಗೆ ಬೀಗ ಹಾಕಿದ.

"ಇನ್ನು ಸಾಕಮ್ಮ. ಗಿಡ ಎಲ್ಲ ಯಾರಿಗಾದ್ರೂ ಕೊಟ್ಬಿಡೋಣ."

ನೆಗಡಿಯಾಯಿತೆಂದು ಮೂಗು ಕೊಯ್ದುಕೊಂಡರಂತೆ. ಮೈಯೆಲ್ಲ ಉರಿದುಹೋಯಿತು. ಬೆಳಿಗ್ಗೆ ಎದ್ದು ಹೋಗಲು ನನಗೆ ಬೇರೆ ಜಾಗ ಯಾವುದಿದೆ? ಗೋಡೆ ನೋಡುತ್ತ ಕೂತರೆ ನಾನು ವರ್ಷದೊಳಗೆ ಮುಗಿದುಹೋಗುತ್ತೇನೆ, ಅದು ನನಗೆ ಗೊತ್ತು.

"ಬಿದ್ದಿದ್ದು ಗಿಡದಿಂದಲ್ಲ ಕಣೋ, ನಿನ್ನಿಂದ! ಬೀಗ ತೆಗಿ. ವೆಲ್ಡಿಂಗ್‌ನವನ್ನ ಕರಿ. ಈ ಸಲ ನಾನು ನಿಂತ್ಕೋತೀನಿ, ನೀನು ಅಳಿ."

ಸೊಸೆ ಎಂದೂ ನನ್ನ ಪರ ಮಾತಾಡಿದವಳಲ್ಲ. ಅವತ್ತು ಬೀಗದ ಕೈ ಗಂಡನ ಜೇಬಿನಿಂದ ತಾನೇ ತೆಗೆದಳು.

ವೆಲ್ಡಿಂಗ್‌ನವನು ಟೇಪನ್ನು ಮಗನ ಕೈಗೆ ಕೊಟ್ಟ. ನಾನು ಗೋಡೆಗೆ ಒರಗಿ ನಿಂತು ಕೈ ಮಡಚಿದೆ.

"ನೆಲದಿಂದ ಮೊಣಕೈಗೆ ಅಳಿ. ಕುಂಡದ ಬಾಯಿ ಅದಕ್ಕಿಂತ ಸ್ವಲ್ಪ ಕೆಳಗೆ ಬರ್ಬೇಕು. ಹಲಗೆ ಅಲ್ಲ, ಕುಂಡದ ಬಾಯಿ. ಒಂದೇ ಅಂತಸ್ತು ಸಾಕು. ಕೆಳಗೆ ಖಾಲಿ ಬಿಡು, ಸ್ಟೂಲ್ ಹಾಕ್ಕೊಂಡ್ರೆ ಮೊಣಕಾಲು ಹೋಗ್ಬೇಕು. ಚಕ್ರಕ್ಕೆ ಬ್ರೇಕ್ ಹಾಕ್ಸು. ಮತ್ತೆ ಗೋಡೆಗೆ ಒಂದು ಕಂಬಿ ಹೊಡ್ಸು, ಹಿಡ್ಕೊಂಡು ಏಳೋಕೆ. ಬ್ರೇಕ್ ಹಾಕಿದ್ರೂ ಟ್ರೇ ಹಿಡ್ಕೊಂಡು ಏಳೋದಲ್ಲ."

ಮಗ ಮಂಡಿಯೂರಿ ಟೇಪಿನ ತುದಿಯನ್ನು ನನ್ನ ಹಿಮ್ಮಡಿಯ ಪಕ್ಕ ಇಟ್ಟು ಮೇಲಕ್ಕೆ ಎಳೆದ. ನೋಡಿದ. ಮತ್ತೆ ಕೆಳಗಿನಿಂದ ಅಳೆದ. ಎದ್ದು ಆ ಅಳತೆಯನ್ನು ತನ್ನ ಸೊಂಟದ ಹತ್ತಿರ ಹಿಡಿದು ನೋಡಿಕೊಂಡ, ಮತ್ತೆ ಮಂಡಿಯೂರಿದ.

"ಸರಿಯಾಗಿ ನಿಂತ್ಕೊಮ್ಮ. ಇಷ್ಟೇ ಬರ್ತಿದೆ."

"ಸರಿಯಾಗೇ ನಿಂತಿದೀನಿ."

ಅವನು ಏಳಲಿಲ್ಲ. ದಿನಾ ಎದುರಿಗೆ ಓಡಾಡುವ ಅಮ್ಮನನ್ನು ಅವನು ನೋಡಿ ಎಷ್ಟು ವರ್ಷವಾಗಿತ್ತೋ! "ಯಾವಾಗಮ್ಮ ಇಷ್ಟು ಸಣ್ಣಗಾದೆ?" ಎಂದ.

ತಲೆ ಸವರಬೇಕೆನಿಸಿತು. ಸವರಲಿಲ್ಲ. ಕೋಪ ಇನ್ನೂ ಇಳಿದಿರಲಿಲ್ಲ, ಇಳಿಸಿಕೊಳ್ಳುವ ಮನಸ್ಸೂ ಇರಲಿಲ್ಲ.

"ಇರೋದೇ ಇಷ್ಟು. ವೆಲ್ಡಿಂಗ್‌ನವ್ನಿಗೆ ಹೇಳು, ಕಬ್ಬಿಣ ಕೊಯ್ಯಲಿ" ಎಂದೆ. "ಮುಂದಿನ ವರ್ಷ ಇನ್ನೂ ಕುಗ್ಗಿರ್ತೀನಿ. ಆಗ್ಲೂ ನನ್ನನ್ನ ಕರೆದು ಅಳಿ."