ಹೊರಗೆ ಕೂರುವ ಮೂರು ದಿನ

ಸಾದಲಿಯ ಕದಿರಮ್ಮನಿಗೆ ನಿದ್ದೆ ಬರುವುದೇನೋ ಬರುತ್ತಿತ್ತು, ನಿಲ್ಲುತ್ತಿರಲಿಲ್ಲ. ರೇಷ್ಮೆ ಹುಳಗಳಿಗೆ ರಾತ್ರಿಯ ಸೊಪ್ಪು ಹಾಕಿ ಒರಗಿದರೆ, ಮೂರು ಗಂಟೆಗೆ ಎದೆಯಿಂದ ಕಾವು ಏರಿ ರವಿಕೆಯೆಲ್ಲ ಒದ್ದೆಯಾಗಿ ಎಚ್ಚರವಾಗುತ್ತಿತ್ತು. ಆಮೇಲೆ ದೇವರನ್ನು ಕರೆದರೂ ಅಷ್ಟೆ, ನಿದ್ದೆಯನ್ನು ಬೈದರೂ ಅಷ್ಟೆ. ಸತ್ತ ಓರಗಿತ್ತಿ ಬಂದು ಎಬ್ಬಿಸುತ್ತಾಳೆಂದು ಕೇರಿಯವರು ತಾಯಿತ ಕಟ್ಟಿಸಿದರು. ದಿನವೆಲ್ಲ ದುಡಿದವಳನ್ನು ಎಬ್ಬಿಸಲು ದೆವ್ವಕ್ಕಾದರೂ ಮನಸ್ಸು ಬರುತ್ತದೆಯೇ!

ಈ ಸುಸ್ತಿನಲ್ಲಿ ಅವಳಿಗಿದ್ದ ಆಸರೆ ಒಂದೇ. ಮುಟ್ಟಾದವರು ಹುಳದ ಮನೆಗೆ ಕಾಲಿಟ್ಟರೆ ಹುಳಕ್ಕೆ ಆಗದು ಎಂಬ ನಂಬಿಕೆ. ಹಾಗಾಗಿ ತಿಂಗಳಿಗೆ ಮೂರು ದಿನ ಹಿತ್ತಿಲ ಜಗಲಿಯಲ್ಲಿ ಚಾಪೆ. ಸೊಪ್ಪಿನ ಕೆಲಸವಿಲ್ಲ, ಒಲೆಯ ಮುಂದೆ ಕೂರುವುದಿಲ್ಲ. ಕದಿರಮ್ಮನ ಮುಟ್ಟು ನಿಂತು ವರ್ಷವಾಗುತ್ತ ಬಂದಿತ್ತು. ಆದರೂ ಅವಳು ತಿಂಗಳು ತಪ್ಪದೆ ಚಾಪೆ ಎತ್ತಿಕೊಂಡು ಹೊರಗೆ ಹೋಗುತ್ತಿದ್ದಳು. ಸುಳ್ಳೇ, ಯಾರು ಇಲ್ಲವೆಂದರು? ಆ ಮೂರು ದಿನವೂ ಕೈತಪ್ಪಿದರೆ ತಾನು ಉಳಿಯುವುದಿಲ್ಲವೆಂದು ಅವಳಿಗೆ ಅನ್ನಿಸಿತ್ತು.

ಒಂದು ಬೆಳಿಗ್ಗೆ ಸೊಪ್ಪು ಹೆಚ್ಚುತ್ತ ತೂಕಡಿಸಿ ಬೆರಳು ಕೊಯ್ದುಕೊಂಡಳು. ಗಂಡ ವೆಂಕಟರಾಮಪ್ಪ ಶಿಡ್ಲಘಟ್ಟದ ಆಸ್ಪತ್ರೆಗೆ ಕರೆತಂದು ಹೊರಗೆ ಮರದಡಿ ಕೂತ. ಬಾಯಿಬಡುಕಿ ಎಂದೇ ಹೆಸರಾದ ಅತ್ತೆ ಮುನಿಗಂಗಮ್ಮ ಮಾತ್ರ ಸೊಸೆಯ ಬೆನ್ನಿಗೇ ಒಳಗೆ ಬಂದಳು.

ಬೆರಳಿಗೆ ಪಟ್ಟಿ ಕಟ್ಟಿದ ಡಾಕ್ಟರಮ್ಮ ನಿದ್ದೆಯ ಕತೆಯನ್ನೆಲ್ಲ ಕೇಳಿದರು. ಬಾಯಾರಿಕೆ ಹೆಚ್ಚೇ, ರಾತ್ರಿ ಪದೇ ಪದೇ ಒಂದಕ್ಕೆ ಏಳುತ್ತೀರಾ ಎಂದರು. ಇಲ್ಲ.

"ತಿಂಗಳು ತಿಂಗಳು ಮುಟ್ಟು ಸರಿಯಾಗಿ ಆಗ್ತಿದೆಯಾ?"

"ಆಗ್ತಾಳೆ ತಾಯಿ, ಒಂದು ತಿಂಗ್ಳೂ ತಪ್ಪಲ್ಲ," ಎಂದಳು ಅತ್ತೆ.

"ಹಾಗಾದ್ರೆ ಬೇರೆ ಏನೋ ಇರ್ಬೇಕು. ಬೆಂಗಳೂರಿನ ದೊಡ್ಡಾಸ್ಪತ್ರೆಗೆ ಬರ್ದುಕೊಡ್ತೀನಿ."

ಹುಳ ನಾಲ್ಕನೇ ಜ್ವರ ಎದ್ದು, ಕಡೆಯ ಸಲ ಪೊರೆ ಬಿಟ್ಟು, ಹೊಟ್ಟೆಬಾಕನಂತೆ ಮೇಯುತ್ತಿದ್ದ ಹೊತ್ತು. ಈಗ ಬೆಂಗಳೂರಿಗೆ ಹೋದರೆ ಬೆಳೆಯೇ ಹೋಗುತ್ತದೆ. ಕದಿರಮ್ಮ ನೆಲ ನೋಡುತ್ತ ಹೇಳಿದಳು: "ಇಲ್ಲಮ್ಮ. ನಿಂತು ವರ್ಷ ಆಗ್ತಾ ಬಂತು."

ಮುನಿಗಂಗಮ್ಮ ಸೊಸೆಯ ಕಡೆ ತಿರುಗಿ ನೋಡಿದಳು.

"ಅದಕ್ಕೇ ಈ ಕಾವು, ಬೆವರು. ಮುಟ್ಟು ನಿಲ್ಲೋ ವಯಸ್ಸಲ್ಲಿ ಎಷ್ಟೋ ಜನಕ್ಕೆ ಹೀಗಾಗುತ್ತೆ. ಬೆಳಗಿನ ಜಾವದ ನಿದ್ದೆ ಮೊದಲೇ ತೆಳು, ಬೇಗ ಒಡೆಯುತ್ತೆ. ಮತ್ತೆ, ರಾತ್ರಿ ಕಾಫಿ ಕುಡೀತೀರಾ?"

"ಸೊಪ್ಪು ಹಾಕೋವರ್ಗೂ ಎಚ್ಚರ ಇರ್ಬೇಕಲ್ಲಮ್ಮ."

"ಆ ಕಾಫಿ ನೀವು ಮಲಗಿದ ಮೇಲೂ ಮೈಯಲ್ಲಿ ಎಚ್ಚರವಾಗೇ ಇರುತ್ತೆ. ಮಧ್ಯಾಹ್ನದ ಮೇಲೆ ಬಿಡಿ. ಗಾಳಿಯಾಡೋ ಕಡೆ ಮಲಗಿ. ಎಚ್ಚರ ಆದ್ರೆ ಹೊರಳಾಡ್ಬೇಡಿ, ಎದ್ದು ಸ್ವಲ್ಪ ಕೂತಿರಿ. ಕೆಲಸಾನೂ ಕಮ್ಮಿ ಮಾಡ್ಕೊಳ್ಳಿ."

ಕಡೆಯ ಮಾತಿಗೆ ಕದಿರಮ್ಮನಿಗೆ ನಗುವೂ ಬಂತು, ಅಳುವೂ ಬಂತು. ಇನ್ನು ಚಾಪೆಯೂ ಇಲ್ಲ, ಜಗಲಿಯೂ ಇಲ್ಲ. ಅತ್ತೆಯ ಮುಖ ನೋಡುವ ಧೈರ್ಯವಾಗದೆ ಹೊರಗೆ ನಡೆದಳು.

ವೆಂಕಟರಾಮಪ್ಪ ಎದ್ದು ಬಂದ. "ಏನಂದ್ರಮ್ಮ ಡಾಕ್ಟ್ರು?"

ಸೊಸೆಯ ಹಿಂದೆಯೇ ಬಂದ ಮುನಿಗಂಗಮ್ಮ ಸೆರಗು ಸರಿಮಾಡಿಕೊಂಡಳು.

"ರಾತ್ರಿ ಕಾಫಿ ಬಿಡ್ಬೇಕಂತೆ. ರಾತ್ರಿ ಸೊಪ್ಪು ಇನ್ಮೇಲೆ ನೀನೇ ಹಾಕ್ಬೇಕಂತೆ ಕಣಪ್ಪ. ಇನ್ನೊಂದು, ತಿಂಗಳಿಗೆ ಮೂರು ದಿನ ಸಾಲದಂತೆ. ಐದು ದಿನ ಹೊರಗೆ ಕೂರ್ಬೇಕಂತೆ."